ಕಣದಲ್ಲಿ ಅಳೆದ ಕೊಳಗ: ವರ್ಷದ ಭತ್ತ ಯಾರಿಗೆ, ಯಾರಿಂದ

ಈ ಸಲ ಬೀಜ, ಗೊಬ್ಬರದ ಮಾತಿಲ್ಲ. ಹಳೇ ಕಾಲದ ಲೆಕ್ಕದ ಮಾತು. ಸ್ವಲ್ಪ ಉದ್ದ ಆಗ್ತದೆ, ಪುರುಸೊತ್ತಾದಾಗ ಓದಿ.

ನಮ್ಮ ಪಕ್ಕದ ಮನೆ ಹುಡುಗಿಗೆ ಕಾಲೇಜಿನಲ್ಲಿ ಗ್ರಾಮೀಣ ಸಮಾಜಶಾಸ್ತ್ರ ಹೇಳಿ ಒಂದು ಪೇಪರ್ ಇದೆ. ಅದರಲ್ಲಿ 'ಜಜಮಾನಿ ಪದ್ಧತಿ' ಎಂಬ ಪಾಠ. "ಮಾವ, ನಮ್ಮೂರಲ್ಲಿ ಇದು ಇತ್ತಾ?" ಅಂತ ಕೇಳಿದಳು. ಪುಸ್ತಕ ಇಸ್ಕೊಂಡು ಓದಿದೆ. ಅದರಲ್ಲಿ ಬರೆದದ್ದು ಅರ್ಧ ನಮ್ಮೂರಿಗೆ ಸರಿ ಹೊಂದ್ತದೆ, ಇನ್ನರ್ಧ ಹೊಂದೂದಿಲ್ಲ. ಹೊಂದದೇ ಇರುವ ಆ ಅರ್ಧವೇ ನಮಗೆ, ಅಂದ್ರೆ ಗೇಣಿ ಒಕ್ಕಲಿನ ಮಕ್ಕಳಿಗೆ, ತಿಳಿದಿರಬೇಕಾದ್ದು ಅನ್ನಿಸಿತು.

ಮೊದಲು ಪುಸ್ತಕದ ಮಾತು. ವಿಲಿಯಂ ವೈಸರ್ ಎಂಬ ಅಮೆರಿಕದ ಪಾದ್ರಿ ಉತ್ತರ ಪ್ರದೇಶದ ಒಂದು ಹಳ್ಳಿಯಲ್ಲಿ ವರ್ಷಗಟ್ಟಲೆ ಇದ್ದು, 1936ರಲ್ಲಿ ಇದರ ಮೇಲೆ ಪುಸ್ತಕ ಬರೆದರು. ಊರಿಗೆ ಕರೀಂಪುರ ಅಂತ ಬೇರೆ ಹೆಸರಿಟ್ಟು ಬರೆದಿದ್ದಾರೆ. ಜಮೀನಿದ್ದವನು 'ಜಜಮಾನ'. ಅವನ ಮನೆಗೆ ಬಡಗಿ, ಕಮ್ಮಾರ, ಕ್ಷೌರದವ, ಮಡಿವಾಳ, ಕುಂಬಾರ ತಲೆಮಾರಿನಿಂದ ಕೆಲಸ ಮಾಡಿಕೊಡ್ತಾರೆ. ಕೆಲಸಕ್ಕೊಂದು ದರ ಇಲ್ಲ. ಕೊಯ್ಲಿನ ಹೊತ್ತಿಗೆ ವರ್ಷಕ್ಕೊಮ್ಮೆ ಇಷ್ಟು ಧಾನ್ಯ ಹೇಳಿ ಗೊತ್ತಾದ ಪಾಲು. ಜಜಮಾನ ಅಂದ್ರೆ ನಮ್ಮ 'ಯಜಮಾನ' ಶಬ್ದವೇ. ಯಜ್ಞ ಮಾಡಿಸಿ ಪುರೋಹಿತರಿಗೆ ದಕ್ಷಿಣೆ ಕೊಡುವವ ಎಂಬುದು ಅದರ ಮೂಲ ಅರ್ಥ.

ಹೆಸರು ಬೇರೆ ಬೇರೆಯಾದರೂ ಇಂಥದ್ದು ನಮ್ಮ ಸೀಮೆಗಳಲ್ಲೂ ಇತ್ತು. ಬಯಲುಸೀಮೆಯಲ್ಲಿ 'ಆಯ', ಪಡೆಯುವವರು 'ಆಯಗಾರರು'. ಮಹಾರಾಷ್ಟ್ರದಲ್ಲಿ 'ಬಲುತೆ', ಹನ್ನೆರಡು ಜನ ಬಲುತೆದಾರರು. ಅಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ವೈಸರ್ ಹೇಳುವ ಸಂಬಂಧ ಮನೆಗೂ ಮನೆಗೂ ನಡುವಿನದು. ಬಲುತೆದಾರ ಇಡೀ ಊರಿನ ಆಳು, ಅವನಿಗೆ ಊರೇ ಕೊಡಬೇಕು. ಮೈಸೂರು ಸೀಮೆಯಲ್ಲಿ ಎಂ. ಎನ್. ಶ್ರೀನಿವಾಸರು ರಾಂಪುರ ಹೇಳಿ ಕರೆದ ಊರಿನಲ್ಲಿ 'ಹಳೆಮಗ' ಎಂಬ ಸಂಬಂಧ ಇತ್ತು. ಒಕ್ಕಲಿಗರ ಮನೆಗೆ ದಲಿತರ ಮನೆಯವರು ತಲೆಮಾರಿನಿಂದ ಆಳಾಗಿರುವುದು ಅದು. ಹೆಸರಲ್ಲಿ 'ಮಗ' ಇದೆ, ಊಟ ಮಾತ್ರ ಹೊರಗೆ.

ಈಗ ನಮ್ಮ ಬದಿಗೆ ಬರೂಣ.

ನಾನು ಸಣ್ಣವನಿದ್ದಾಗ, ಅಂದ್ರೆ ಎಪ್ಪತ್ತರ ದಶಕದ ಕೊನೆಗೆ, ನಮ್ಮ ಅಂಗಳದ ಕಣದಲ್ಲಿ ಇದರ ಬಾಲ ಮಾತ್ರ ಉಳಿದಿತ್ತು. ಭತ್ತ ಬಡಿದು, ಗಾಳಿಗೆ ತೂರಿ, ಜೊಳ್ಳು ಬೇರೆ ಮಾಡಿ ರಾಶಿ ಹಾಕಿದ ದಿನ ಆಚಾರಿ ಬಂದು ಮೂಲೆಯಲ್ಲಿ ಕೂರ್ತಿದ್ದ. ಕೆಲಸಿ ಬರ್ತಿದ್ದ. ಮಡಿವಾಳರ ಮನೆಯ ಅಜ್ಜಿ ಬರ್ತಿದ್ದಳು. ಯಾರೂ ಕೇಳ್ತಿರಲಿಲ್ಲ. ಅಪ್ಪ ಕೊಳಗ ಹಿಡಿದು ಮೊದಲನೇ ಅಳತೆಗೆ ಒಂದು ಅನ್ನದೆ 'ಲಾಭ' ಅಂತಿದ್ದ, ಆಮೇಲೆ ಎರಡು, ಮೂರು. ರಾಶಿ ಪೂರ್ತಿ ಅಳೆದು ಮುಗಿಯುವ ಮೊದಲೇ ಇವರ ಪಾಲು ಬೇರೆ ಇಡುವುದು ಪದ್ಧತಿ. ಮೊದಲು ಒಳಗೆ ತುಂಬಿ ಆಮೇಲೆ ಕೊಡುವುದಲ್ಲ. ಕಣದಲ್ಲಿ ಕೊಟ್ಟರೆ ಅದು ಪಾಲು, ಮನೆಯೊಳಗಿಂದ ತಂದು ಕೊಟ್ಟರೆ ದಾನ. ಆ ಸೂಕ್ಷ್ಮ ಎರಡೂ ಕಡೆಯವರಿಗೆ ಚೆನ್ನಾಗಿ ಗೊತ್ತಿತ್ತು.

ಆ ಪಾಲಿಗೆ ಏನೇನು ಕೆಲಸ ಸೇರಿತ್ತು, ಏನೇನು ಸೇರಿರಲಿಲ್ಲ ಎಂಬುದು ಪುಸ್ತಕದಲ್ಲಿ ಒಂದೇ ಸಾಲಿನಲ್ಲಿದೆ. ಗದ್ದೆಯವನಿಗೆ ಅದೇ ಮುಖ್ಯ. ಆಚಾರಿ ವಿಷಯ ತಗೊಳ್ಳಿ. ವರ್ಷವಿಡೀ ನೇಗಿಲ ಗುಳ ಸವೆದರೆ ಕಾಯಿಸಿ ಬಡಿದು ಮೊನೆ ಮಾಡಿಕೊಡುವುದು, ಕತ್ತಿ ಹಣಿದು ಕೊಡುವುದು, ಕೊಯ್ಲಿನ ಮುಂಚೆ ಹಲ್ಲುಕತ್ತಿಗೆ ಹಲ್ಲು ಹಾಕುವುದು, ಇವೆಲ್ಲ ವರ್ಷದ ಭತ್ತದಲ್ಲೇ ಬಂತು. ನೂರು ಸಲ ಹೋದರೂ ಅಷ್ಟೇ, ಹತ್ತು ಸಲ ಹೋದರೂ ಅಷ್ಟೇ. ಆದರೆ ಹೊಸ ಕತ್ತಿ, ಹೊಸ ಗುಳ ಬೇಕಂದ್ರೆ ಕಬ್ಬಿಣ ನಮ್ಮದು, ಇದ್ದಿಲು ನಮ್ಮದು, ಮೇಲಿಂದ ಕೂಲಿ ಬೇರೆ. ಅಂದ್ರೆ ದುರಸ್ತಿ ಪಾಲಿನಲ್ಲಿ, ಹೊಸತು ಲೆಕ್ಕದಲ್ಲಿ. ಕೆಲಸಿಗೂ ಹಾಗೇ. ದಿನನಿತ್ಯದ ಕ್ಷೌರ ಪಾಲಿಗೆ. ಮದುವೆ, ಸೂತಕದ ಕೆಲಸಕ್ಕೆ ಅಕ್ಕಿ, ಕಾಯಿ, ಬಟ್ಟೆ ಬೇರೆ. ಮಡಕೆಯ ಗುನಗರ ಸಂಗತಿ ಇನ್ನೂ ವಿಶೇಷ, ಯಾಕಂದ್ರೆ ನಮ್ಮ ಬದಿ ಊರಮ್ಮನ ಪೂಜೆಯೂ ಬಹಳ ಕಡೆ ಅವರದ್ದೇ. ಮಡಕೆ ಮಾಡುವ ಕೈಯೇ ದೇವರ ಕಳಸ ಹೊರುವ ಕೈ. ಅವರಿಗೆ ಕೊಡುವ ಭತ್ತದಲ್ಲಿ ಮಡಕೆಯದ್ದೆಷ್ಟು, ದೇವರದ್ದೆಷ್ಟು ಹೇಳಿ ಬೇರೆ ಮಾಡೂಕೆ ಆಗ್ತಿರಲಿಲ್ಲ.

ಒಂದು ಸಂಬಂಧ ಇಂಥದ್ದು ಹೌದೋ ಅಲ್ಲವೋ ಹೇಳಿ ಗುರುತಿಸೂದು ಹೇಗೆ? ಅಜ್ಜಿ ಹೇಳಿದ ಮಾತುಗಳಿಂದ ನಾನು ತಿಳಿದದ್ದು ಇಷ್ಟು. ಆಚಾರಿಯ ಕೆಲಸ ಸರಿ ಆಗಲಿಲ್ಲ ಹೇಳಿ ನೀವೇ ಬೇರೆ ಆಚಾರಿ ಹತ್ರ ಹೋಗೂಕೆ ಬರ್ತಿರಲಿಲ್ಲ. ಹೋದರೂ ಅವ ಮುಟ್ಟುತ್ತಿರಲಿಲ್ಲ, "ಅದು ಅವರ ಮನೆ" ಅಂತಿದ್ದ. ಆಚಾರಿ ಮನೆಯಲ್ಲಿ ಅಣ್ಣತಮ್ಮಂದಿರು ಹಿಸ್ಸೆ ಆದ್ರೆ ಪಾತ್ರೆಪಗಡ ಹಂಚಿಕೊಂಡ ಹಾಗೇ ಒಕ್ಕಲು ಮನೆಗಳನ್ನೂ ಹಂಚಿಕೊಳ್ತಿದ್ದರು. ಕೆಳಗಿನ ಕೇರಿ ಅಣ್ಣನಿಗೆ, ಮೇಲಿನ ಕೇರಿ ತಮ್ಮನಿಗೆ. ಅಂದ್ರೆ ನಾವು ಅವರನ್ನು ಇಟ್ಟುಕೊಂಡಿದ್ದೇವೆ ಅಂದ್ಕೊಂಡಿದ್ದೆವು, ಅವರ ಲೆಕ್ಕದಲ್ಲಿ ನಾವು ಅವರ ಆಸ್ತಿ. ದಿನಗೂಲಿಗೆ ಬಂದವನಿಗೆ ಇಂಥ ಹಕ್ಕಿಲ್ಲ. ಇದನ್ನು ಕಾಯುತ್ತಿದ್ದದ್ದು ಕೋರ್ಟಲ್ಲ, ಬಹಿಷ್ಕಾರದ ಹೆದರಿಕೆ. ಜಾತಿಯ ಹಿರಿಯರು ಒಂದು ಮನೆಗೆ ಕೆಲಸಿ, ಮಡಿವಾಳ ಬಂದ್ ಮಾಡಿದ್ರೆ ಆ ಮನೆಯಲ್ಲಿ ಸೂತಕ ಕಳೆಯೂದಿಲ್ಲ, ಮದುವೆ ನಡೆಯೂದಿಲ್ಲ. ಇದೇ ಅಸ್ತ್ರ ಬಡವರ ಮೇಲೂ ಬಿದ್ದದ್ದುಂಟು, ಅದನ್ನೂ ಮರೆಯಬಾರದು.

ಇಲ್ಲಿವರೆಗೆ ಪುಸ್ತಕಕ್ಕೂ ನಮ್ಮೂರಿಗೂ ಹೊಂದ್ತದೆ. ಹೊಂದದ್ದು ಇಲ್ಲಿಂದ ಮುಂದೆ.

ಪುಸ್ತಕದ ಯಜಮಾನ ಜಮೀನಿನ ಒಡೆಯ. ನಮ್ಮ ಕಣದಲ್ಲಿ ಕೊಳಗ ಹಿಡಿದು ಆಚಾರಿಗೆ ಭತ್ತ ಅಳೆದವ ಒಡೆಯನಲ್ಲ, ಒಕ್ಕಲು. ಹಾಲಕ್ಕಿ ಗೌಡರಿರಲಿ, ಕೋಮಾರಪಂತರಿರಲಿ, ನಾಮಧಾರಿಗಳಿರಲಿ, ನಮ್ಮ ಹೆಚ್ಚಿನವರ ಗದ್ದೆ ಇನ್ನೊಬ್ಬರ ಹೆಸರಲ್ಲಿತ್ತು. ಇದು ಇವತ್ತು ನಿನ್ನೆಯದಲ್ಲ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕಂಪನಿಯಿಂದ ಕೆನರಾದ ಮೊದಲ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಇಲ್ಲಿ ನೆಲಕ್ಕೆ ಖಾಸಗಿ ಒಡೆತನ ಇದೆ, ಅದನ್ನು ಮಾರ್ತಾರೆ, ಅಡವು ಇಡ್ತಾರೆ ಹೇಳಿ ಕಂಡ. ಒಡೆಯರ ಕೆಳಗೆ ಎರಡು ತರದ ಗೇಣಿ. ಮೂಲಗೇಣಿ ಅಂದ್ರೆ ಕಾಯಂ, ಗೇಣಿ ಏರಿಸೂಕೆ ಬರೂದಿಲ್ಲ. ಚಾಲಗೇಣಿ ಅಂದ್ರೆ ಒಡೆಯ ಬೇಡ ಅಂದ ವರ್ಷ ಬಿಡಬೇಕು. ನಮ್ಮಂಥವರ ಪಾಲಿಗೆ ಬಂದದ್ದು ಹೆಚ್ಚಾಗಿ ಎರಡನೆಯದು.

ಇನ್ನೊಂದು ಮಾತು. ಹಳೇ ಹಳ್ಳಿ ಅಂದ್ರೆ ದುಡ್ಡೇ ಇಲ್ಲದ ಊರು, ಎಲ್ಲ ಭತ್ತದ ವಿನಿಮಯ ಎಂಬ ಚಿತ್ರ ನಮ್ಮ ಕರಾವಳಿಗೆ ಸುಳ್ಳು. ಕಾರವಾರದಲ್ಲಿ ಇಂಗ್ಲಿಷರು ಮೆಣಸಿನ ಕಾಳಿಗಾಗಿ ಕೋಠಿ ಹಾಕಿದ್ದು 1638ರಲ್ಲಿ. ಬಂದರಿನಲ್ಲಿ ಹೊನ್ನು, ಕಣದಲ್ಲಿ ಕೊಳಗ, ಎರಡೂ ಒಟ್ಟಿಗೇ ಇದ್ದವು. ಒಡೆಯ ಸರ್ಕಾರಕ್ಕೆ ಕಟ್ಟುವುದು ದುಡ್ಡು, ನಮ್ಮಿಂದ ತಗೊಳ್ಳುವುದು ಭತ್ತ. ಈ ನಡುವಿನ ಲಾಭ ಯಾರಿಗೆ ಹೋಯ್ತು ಎಂದು ಹೇಳಬೇಕಾಗಿಲ್ಲ.

ಈಗ ಲೆಕ್ಕಕ್ಕೆ ಬರ್ತೇನೆ. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಹೆಂಗಸು 1954ರಿಂದ 56ರವರೆಗೆ ಮಂಡ್ಯ ಬದಿಯ ಎರಡು ಹಳ್ಳಿಯಲ್ಲಿದ್ದು ಅಧ್ಯಯನ ಮಾಡಿದರು. ಅವರು ಒಂದು ಒಳ್ಳೇ ಪ್ರಶ್ನೆ ಹಾಕಿಕೊಂಡರು. ಬೆಳೆ ಹೆಚ್ಚು ಬಂದ ವರ್ಷವೂ ಅಷ್ಟೇ ಭತ್ತ, ಕಡಿಮೆ ಬಂದ ವರ್ಷವೂ ಅಷ್ಟೇ. ಇದಕ್ಕೆ ಎರಡೂ ಕಡೆಯವರು ಯಾಕೆ ಒಪ್ಪುತ್ತಾರೆ? ಅವರ ಉತ್ತರ ಹೀಗಿದೆ. ಕೆಟ್ಟ ವರ್ಷದಲ್ಲಿ ಒಡೆಯ ತನ್ನ ಪಾಲು ಕಡಿಮೆ ಮಾಡಿಕೊಂಡು ಆಳಿಗೆ, ಕಸುಬಿನವನಿಗೆ ಅಷ್ಟೇ ಕೊಡ್ತಾನೆ, ಹಾಗಾಗಿ ಯಾರೂ ಉಪವಾಸ ಬೀಳೂದಿಲ್ಲ. ಒಳ್ಳೇ ವರ್ಷದಲ್ಲಿ ಹೆಚ್ಚಾದದ್ದೆಲ್ಲ ಒಡೆಯನಿಗೆ. ಅದು ಅವನ ಪ್ರತಿಫಲ. ಒಂದು ತರದ ವಿಮೆ ಅನ್ನಿ.

ಮಂಡ್ಯದಲ್ಲಿ ಕೊಡುವವ ಸ್ವಂತ ಜಮೀನಿನ ಒಕ್ಕಲಿಗ. ಅದಕ್ಕೆ ಆ ಲೆಕ್ಕ ಕೂಡ್ತದೆ. ನಮ್ಮಲ್ಲಿ ಏನಾಗ್ತದೆ ನೋಡಿ. ಲೆಕ್ಕ ಸುಲಭ ಆಗಲಿ ಹೇಳಿ ಸಂಖ್ಯೆ ನಾನು ಹಾಕಿದ್ದು, ನಿಮ್ಮ ಮನೆ ಸಂಖ್ಯೆ ಹಾಕಿ ನೋಡೂಕೂ ಅಡ್ಡಿಲ್ಲ.

ಒಂದು ಒಕ್ಕಲು ಮನೆಗೆ ಒಳ್ಳೇ ವರ್ಷ 300 ಕೊಳಗ ಭತ್ತ ಬಂತು ಅಂದ್ಕೊಳ್ಳಿ. ಒಡೆಯರಿಗೆ ಗೇಣಿ 120. ಮುಂದಿನ ವರ್ಷದ ಬೀಜಕ್ಕೆ 20. ಆಚಾರಿ, ಕೆಲಸಿ, ಮಡಿವಾಳ, ಗುನಗ ಎಲ್ಲ ಸೇರಿ 15. ಒಟ್ಟು 155 ಹೋಯ್ತು, ಮನೆಗೆ ಉಳಿದದ್ದು 145. ಈಗ ಕೆಟ್ಟ ವರ್ಷ. ಗಜನಿ ಕಟ್ಟೆ ಒಡೆದು ಉಪ್ಪುನೀರು ನುಗ್ಗಿತು, ಇಲ್ಲಾ ಮಕ್ಕಿ ಗದ್ದೆಗೆ ಕೊನೇ ಮಳೆ ಕೈಕೊಟ್ಟಿತು. ಬಂದದ್ದು 180 ಕೊಳಗ. ಗೇಣಿ ಅದೇ 120, ಯಾಕಂದ್ರೆ ಗೊತ್ತು ಮಾಡಿದ ಗೇಣಿ, ಪಾಲಿನದ್ದಲ್ಲ. ಬೀಜ ಅದೇ 20. ಕಸುಬಿನವರಿಗೆ ಅದೇ 15. ಮನೆಗೆ 25. ಬೆಳೆ ಕಡಿಮೆ ಆದದ್ದು ನೂರಕ್ಕೆ ನಲವತ್ತು, ಮನೆಯ ಅನ್ನ ಆರರಲ್ಲಿ ಒಂದು ಪಾಲಿಗೆ ಇಳಿಯಿತು.

ಇದರಲ್ಲಿ ಒಡೆಯನಿಗೆ ಒಂದು ಕಾಳೂ ಕಡಿಮೆ ಇಲ್ಲ. ಆಚಾರಿಗೂ ಕಡಿಮೆ ಇಲ್ಲ, ಆಗಬಾರದು ಕೂಡ, ಅವ 4 ಕೊಳಗದವ. ಎಪ್‌ಸ್ಟೈನ್ ಹೇಳಿದ ವಿಮೆ ನಮ್ಮಲ್ಲೂ ಇತ್ತು, ಆದರೆ ವಿಮೆಯ ಕಂತು ಕಟ್ಟಿದವ ಒಡೆಯನಲ್ಲ, ನಡುವೆ ಸಿಕ್ಕಿಬಿದ್ದ ಒಕ್ಕಲು. ಕೆಳಗಿನವರಿಗೆ ಅವ ಯಜಮಾನ, ಮೇಲಿನವರಿಗೆ ಅವನೇ ಆಳು. ನನಗೆ ಪಾಠದ ಪುಸ್ತಕದಲ್ಲಿ ಕಾಣದೇ ಇದ್ದದ್ದು ಈ ಮನುಷ್ಯ. ಆಚಾರಿಗೆ ಭತ್ತ ತಪ್ಪಿಸಿದ್ರೆ ಮಾನ ಹೋಗ್ತದೆ, ಒಡೆಯರಿಗೆ ತಪ್ಪಿಸಿದ್ರೆ ಗದ್ದೆ ಹೋಗ್ತದೆ. ಎರಡನ್ನೂ ತಪ್ಪಿಸದೇ ಇದ್ದರೆ ಆಷಾಢದಲ್ಲಿ ಒಲೆ ಹೊತ್ತುವುದಿಲ್ಲ.

ಆಷಾಢದಲ್ಲಿ ಏನು ಮಾಡೂದು? ಒಡೆಯರ ಮನೆಗೇ ಹೋಗೂದು. ನಾವೇ ಅಳೆದು ಕೊಟ್ಟ ಭತ್ತವನ್ನು ನಾವೇ ಸಾಲವಾಗಿ ಹೊತ್ತು ತರುವುದು, ಕೊಯ್ಲಿಗೆ ಬಡ್ಡಿ ಸೇರಿಸಿ ಅಳೆಯುವುದು. ನಾಲ್ಕಕ್ಕೆ ಒಂದು ಬಡ್ಡಿ ಆದ್ರೆ 20 ಕೊಳಗಕ್ಕೆ 25. ಅಂದ್ರೆ ಬರುವ ವರ್ಷ ಬೆಳೆ ಒಳ್ಳೇದಾದರೂ ಉಳಿಯುವುದು 145 ಅಲ್ಲ, 120. ಎರಡು ವರ್ಷ ಒಟ್ಟಿಗೆ ಕೆಟ್ಟರೆ ಬಾಕಿ ಶುರು.

ಪುಸ್ತಕದಲ್ಲಿ ಜಜಮಾನಿ ಒಂದು ಪಾಠ, ಆಶ್ರಯ ಕೊಡುವವ ಮತ್ತು ಆಶ್ರಯದಲ್ಲಿ ಇರುವವನ ಸಂಬಂಧ ಇನ್ನೊಂದು ಪಾಠ. ಎರಡರ ವ್ಯತ್ಯಾಸ ನಮ್ಮೂರಿನ ಲೆಕ್ಕದಲ್ಲಿ ಸ್ಪಷ್ಟ ಕಾಣ್ತದೆ. ಆಚಾರಿಗೂ ನಮಗೂ ಇದ್ದದ್ದು ಗೊತ್ತಾದ ಅಳತೆ. ಅವ ಏನು ಮಾಡಬೇಕು, ನಾವೇನು ಕೊಡಬೇಕು ಇಬ್ಬರಿಗೂ ಬಾಯಿಪಾಠ. ಒಡೆಯರಿಗೂ ನಮಗೂ ಇದ್ದದ್ದರಲ್ಲಿ ಗೇಣಿ ಒಂದೇ ಗೊತ್ತಾದದ್ದು, ಉಳಿದದ್ದಕ್ಕೆ ಅಳತೆಯೇ ಇಲ್ಲ. ಹಬ್ಬಕ್ಕೆ ಮೊದಲ ಸೌತೆಕಾಯಿ, ಹಲಸಿನ ಹಣ್ಣು, ಬಾಳೆಗೊನೆ, ಒಂದು ಕೋಳಿ. ಅವರ ಮನೆ ಮದುವೆಗೆ ಚಪ್ಪರ, ಸೌದೆ, ನೀರು. ಮಳೆಗಾಲದ ಮುಂಚೆ ಮಾಡಿಗೆ ಹುಲ್ಲು ಹೊದಿಸುವುದು. ಇದಕ್ಕೆಲ್ಲ ಕೂಲಿ ಕೇಳುವುದಿಲ್ಲ, ಅವರೂ ಕೊಡುವುದಿಲ್ಲ, ಒಂದು ಊಟ ಹಾಕ್ತಾರೆ. ಬದಲಿಗೆ ಅವರು ಕೊಡುವುದಕ್ಕೂ ಅಳತೆ ಇಲ್ಲ. ಮನೆಯಲ್ಲಿ ಜಡ್ಡು ಬಿದ್ರೆ ಕಷಾಯಕ್ಕೆ, ಗಾಡಿಗೆ ದುಡ್ಡು. ಕಚೇರಿಯಲ್ಲಿ ಕೆಲಸ ಬಿದ್ರೆ ಒಂದು ಮಾತು. ಕೆಟ್ಟ ವರ್ಷ ಗೇಣಿಯಲ್ಲಿ ಹತ್ತು ಕೊಳಗ ಬಿಟ್ಟದ್ದೂ ಉಂಟು. ಬಿಟ್ಟದ್ದು ಹಕ್ಕಲ್ಲ, ದಯೆ. ದಯೆಯ ಋಣ ಬಡ್ಡಿ ಸಮೇತ ತೀರಿಸೂಕೆ ಆಗೂದಿಲ್ಲ, ಅದಕ್ಕೇ ಅದು ಗಟ್ಟಿ ಹಗ್ಗ. ಮಗನ ಮದುವೆಗೆ ಸಾಲ ತೆಗೆದು, ಅದು ತೀರುವವರೆಗೆ ಅವರ ಮನೆಯಲ್ಲೇ ದುಡಿದವರನ್ನು ನಮ್ಮ ಹಿರಿಯರು ಕಣ್ಣಾರೆ ಕಂಡವರು. 1976ರಲ್ಲಿ ಜೀತ ನಿಷೇಧದ ಕಾಯಿದೆ ಬರುವವರೆಗೂ ಅದಕ್ಕೆ ಯಾರೂ ಜೀತ ಅಂತ ಕರೀತಿರಲಿಲ್ಲ. 'ಅವರ ಮನೆಯಲ್ಲಿದ್ದಾನೆ' ಅಂತಿದ್ರು ಅಷ್ಟೇ.

ನ್ಯಾಯಕ್ಕೆ ಹೇಳಬೇಕಂದ್ರೆ ಒಳ್ಳೇ ಒಡೆಯರೂ ಇದ್ದರು. ಅಂಕೋಲೆಯಲ್ಲಿ 1930ರ ಉಪ್ಪಿನ ಸತ್ಯಾಗ್ರಹ, ಆಮೇಲಿನ ಕರ ನಿರಾಕರಣೆಯಲ್ಲಿ ಜಮೀನು ಕಳಕೊಂಡ ನಾಡವ ಮನೆತನಗಳ ಹೆಸರು ಇಲ್ಲಿ ಎಲ್ಲರಿಗೂ ಗೊತ್ತು. ಆದರೆ ಒಡೆಯ ಒಳ್ಳೆಯವನಾಗುವುದು ಬಿಡುವುದು ಅವನ ಸ್ವಭಾವದ ಮೇಲಿತ್ತು, ಪದ್ಧತಿಯಲ್ಲಿ ಅದಕ್ಕೆ ಕಟ್ಟುಪಾಡು ಇರಲಿಲ್ಲ. ಈ ಮಾತನ್ನು ಹಿಡಿದು ರೈತರನ್ನು ಕೂಡಿಸಿದವರು ದಿನಕರ ದೇಸಾಯಿಯವರು. ಅವರನ್ನು ಈಗ ಚುಟುಕದ ಕವಿ ಹೇಳಿ ನೆನೀತೇವೆ. ಬ್ರಿಟಿಷ್ ಸರ್ಕಾರ 1940ರಲ್ಲಿ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿತ್ತು.

ಇದು ಒಡೆದದ್ದು ಹೇಗೆ? ಒಂದೇ ಏಟಿಗೆ ಅಲ್ಲ. ಮೊದಲ ಬಿರುಕು ಘಟ್ಟದ ಮೇಲಿನಿಂದ ಬಂತು. ಎಡ್ವರ್ಡ್ ಹಾರ್ಪರ್ ಎಂಬವರು 1959ರಲ್ಲಿ ಒಂದು ಲೇಖನ ಬರೆದರು. ಸಾಗರ ಬದಿಯ ಅಡಿಕೆ ತೋಟದ ಊರನ್ನು ನೋಡಿ, ಇಲ್ಲಿ ಜಜಮಾನಿ ಇಲ್ಲವೇ ಇಲ್ಲ, ಮಲೆನಾಡಿನ ಪದ್ಧತಿಯೇ ಬೇರೆ ಅಂದರು. ಯಾಕಂದ್ರೆ ಅಡಿಕೆಯನ್ನು ಪಾಲು ಮಾಡಿ ಆಚಾರಿಗೆ ಕೊಟ್ಟರೆ ಅವ ಬೇಯಿಸಿ ಉಣ್ಣೂಕೆ ಆಗೂದಿಲ್ಲ. ಅಡಿಕೆ ಮಾರಿ ದುಡ್ಡು ಬರಬೇಕು, ದುಡ್ಡಿನಲ್ಲಿ ಕೂಲಿ ಕೊಡಬೇಕು. ದುಡ್ಡು ಕೊಡುವವ ಯಾವ ಊರಿನ ಆಳನ್ನಾದರೂ ತರಬಹುದು. ಅಂದ್ರೆ ಸಂಬಂಧದ ಬೇರು ಜಾತಿಯಲ್ಲಿ ಮಾತ್ರ ಅಲ್ಲ, ಬೆಳೆಯಲ್ಲೂ ಇದೆ. ಇದು ನನಗೆ ಬಹಳ ಸರಿ ಕಂಡಿತು. ನಮ್ಮ ಕರಾವಳಿಯಿಂದ ಕೊಯ್ಲು ಮುಗಿಸಿ ಘಟ್ಟ ಹತ್ತಿ ಯಲ್ಲಾಪುರ, ಶಿರಸಿ ಬದಿ ತೋಟದ ಕೆಲಸಕ್ಕೆ ಹೋದವರು ದುಡ್ಡು ಹಿಡಿದು ಬಂದರು. ಕೈಯಲ್ಲಿ ದುಡ್ಡಿದ್ದವ ಆಷಾಢದಲ್ಲಿ ಒಡೆಯರ ಅಂಗಳಕ್ಕೆ ಹೋಗಬೇಕಾಗಿಲ್ಲ, ಅಂಗಡಿಗೆ ಹೋದರೆ ಸಾಕು. ಅಂಗಡಿಯವ ಬಡ್ಡಿ ಹಾಕ್ತಾನೆ, ಆದರೆ ಚಪ್ಪರ ಹಾಕೂಕೆ ಕರೀಯೂದಿಲ್ಲ.

ಆಚಾರಿ, ಕೆಲಸಿ ಕಡೆ ಒಡೆದದ್ದು ಬೇರೆ ತರ. ಭತ್ತಕ್ಕೆ ರೇಟು ಬಂದ ವರ್ಷ ನಮಗೆ ದುಡ್ಡು ಕೊಟ್ಟು ಕೈತೊಳೆಯುವ ಮನಸ್ಸು, ಅವರಿಗೆ ಭತ್ತವೇ ಬೇಕು. ರೇಶನ್ ಅಕ್ಕಿ ಅಗ್ಗಕ್ಕೆ ಸಿಗೂಕೆ ಶುರುವಾದ ಮೇಲೆ ಉಲ್ಟಾ ಆಯ್ತು, ಅವರಿಗೆ ದುಡ್ಡು ಬೇಕು, ನಮಗೆ ಭತ್ತ ಕೊಡುವುದೇ ಸುಲಭ. ಯಾವಾಗ ಇಬ್ಬರೂ ರೇಟು ನೋಡೂಕೆ ಶುರು ಮಾಡಿದರೋ ಅವತ್ತಿಗೇ ಅದು ಪಾಲಾಗಿ ಉಳಿಯಲಿಲ್ಲ. ಪೇಟೆಯಲ್ಲಿ ಸೆಲೂನ್ ಬಂತು, ಅಂಗಡಿಯಲ್ಲಿ ರೆಡಿ ಕತ್ತಿ ಬಂತು, ಅಲ್ಯೂಮಿನಿಯಂ ಪಾತ್ರೆ ಬಂತು. ಒಂದು ಗುರುತು ಹೇಳ್ತೇನೆ. ಆಚಾರಿ ಕಣಕ್ಕೆ ತಾನು ಬರದೆ ಮಗನನ್ನು ಕಳಿಸೂಕೆ ಶುರು ಮಾಡಿದ ಮೇಲೆ ಎರಡೇ ಮೂರು ವರ್ಷದಲ್ಲಿ ನಮ್ಮ ಮನೆಯ ವರ್ಷದ ಭತ್ತ ನಿಂತು ಹೋಯ್ತು. ಯಾರೂ ಬೇಡ ಅನ್ನಲಿಲ್ಲ, ಜಗಳವೂ ಆಗಲಿಲ್ಲ.

ಗೇಣಿಯ ಹಗ್ಗ ಮಾತ್ರ ಹಾಗೆ ತಾನಾಗಿ ಕಡಿಯಲಿಲ್ಲ, ಕಾಯಿದೆ ಬೇಕಾಯ್ತು. ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿ. ಗೇಣಿ ಜಮೀನು ಸರ್ಕಾರಕ್ಕೆ ಸೇರಿ, ಉಳುವವ ಫಾರಂ ನಂಬರ್ 7 ಕೊಟ್ಟು ಭೂನ್ಯಾಯ ಮಂಡಳಿಯಿಂದ ಹಕ್ಕು ಪಡೆಯಬೇಕು. ಅರ್ಜಿಯ ಅವಧಿ ಮುಂದೆ ಹೋಗಿ ಹೋಗಿ 1979ರ ಜೂನ್ 30ಕ್ಕೆ ಮುಗಿಯಿತು. ಈ ಅರ್ಜಿ ಕೊಡುವಾಗ ಹಳೇ ಸಂಬಂಧ ಎರಡು ತರ ಕೆಲಸ ಮಾಡಿತು.

ಒಂದು, ಅಡ್ಡ ಬಂತು. ಚಾಲಗೇಣಿಗೆ ಕಾಗದ ಇಲ್ಲ, ರಶೀದಿ ಇಲ್ಲ, ಎಲ್ಲ ಬಾಯಿಮಾತು. ಅದಕ್ಕಿಂತ ದೊಡ್ಡದು, ಮನಸ್ಸು ಬರಲಿಲ್ಲ. 'ಅವರ ಅನ್ನ ಉಂಡು ಅವರ ಮೇಲೇ ಅರ್ಜಿ ಕೊಡೂದಾ' ಹೇಳಿ ಫಾರಂ ತುಂಬದೇ ಕೂತವರು ನಮ್ಮ ಕೇರಿಯಲ್ಲೇ ಇದ್ದಾರೆ. ತಂದೆ ತುಂಬಲಿಲ್ಲ, ಮಗ ಇವತ್ತು ಅದೇ ಗದ್ದೆಯಲ್ಲಿದ್ದಾನೆ, ಪಹಣಿಯಲ್ಲಿ ಹೆಸರಿಲ್ಲ. ಬೆಳೆಸಾಲ ಇಲ್ಲ, ಬೆಳೆ ಪರಿಹಾರ ಇಲ್ಲ. ಹತ್ತು ಕೊಳಗ ಬಿಟ್ಟುಕೊಟ್ಟ ದಯೆಗೆ ಒಂದು ಗದ್ದೆಯೇ ಹೋಯ್ತು ಅಂದ ಹಾಗಾಯ್ತು.

ಎರಡು, ಸಹಾಯಕ್ಕೂ ಬಂತು. ಮಂಡಳಿ ಮುಂದೆ ಕಾಗದ ಇಲ್ಲದವನಿಗೆ ಸಾಕ್ಷಿ ಬೇಕಲ್ಲ. ನಮ್ಮ ಹಿರಿಯರು ಹೇಳುವ ಪ್ರಕಾರ, ಇಂಥ ಗದ್ದೆ ಯಾರು ಉಳ್ತಿದ್ರು ಹೇಳಿ ಖಚಿತ ಹೇಳೂಕೆ ಆಚಾರಿ, ಕೆಲಸಿಗಿಂತ ಒಳ್ಳೇ ಸಾಕ್ಷಿ ಇರಲಿಲ್ಲ. 'ಇಪ್ಪತ್ತು ವರ್ಷದಿಂದ ಈ ಗದ್ದೆಯ ಕಣದಲ್ಲಿ ನನಗೆ ಭತ್ತ ಅಳೆದವ ಇವನೇ' ಅಂತ ಅವರು ಹೇಳಬಹುದಿತ್ತು. ಕೆಲವರು ಹೇಳಿದರು, ಕೆಲವರು ಒಡೆಯರ ಮುಖ ನೋಡಿ ಬರಲಿಲ್ಲ.

ಗದ್ದೆ ನಮ್ಮ ಹೆಸರಿಗಾಯ್ತು. ಸಾಕ್ಷಿ ಹೇಳಿದ ಆಚಾರಿಗೆ ಏನು ಸಿಕ್ಕಿತು? ಏನೂ ಇಲ್ಲ. ಕಾಯಿದೆ ಹೇಳಿದ್ದು ಉಳುವವನ ಬಗ್ಗೆ. ಬೆಳೆಯಲ್ಲಿ ಅವರಿಗೂ ತಲೆಮಾರಿನ ಪಾಲಿತ್ತು, ಆದರೆ ಆ ಪಾಲು ಕಣದಲ್ಲಿತ್ತು, ನೆಲದಲ್ಲಿರಲಿಲ್ಲ. ನಾವು ಮೇಲಿನ ಹಗ್ಗದಿಂದ ಬಿಡಿಸಿಕೊಂಡ ಆ ಹತ್ತು ವರ್ಷದಲ್ಲೇ ಕೆಳಗಿನ ಪಾಲನ್ನೂ ಬಿಟ್ಟೆವು. ಗೇಣಿ 120 ಉಳಿದ ಮೇಲೆ ಕಸುಬಿನವರ 15 ಭಾರ ಅನ್ನಿಸಿದ್ದು ಹೇಗೆ? ನಾನು ಇದನ್ನು ಯಾರ ತಪ್ಪು ಹೇಳಿ ಎತ್ತಿದ್ದಲ್ಲ. ಆದರೆ ಭೂಸುಧಾರಣೆಯ ಕಥೆ ಹೇಳುವಾಗ ನಾವು ಒಡೆಯರ ಬಗ್ಗೆ ಮಾತ್ರ ಹೇಳ್ತೇವೆ, ಈ 15ರ ಸುದ್ದಿ ಎತ್ತೂದಿಲ್ಲ.

ಇನ್ನು ಅಳತೆ ವಿಷಯ ಒಂದು ಬಾಕಿ ಇದೆ. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿ ರೈತರು ಎದ್ದಾಗ ಜಗಳದ ಒಂದು ಮೂಲ ಗೇಣಿ ಅಳೆಯುವ ಕೊಳಗದ ಗಾತ್ರವೇ ಆಗಿತ್ತು. ಕೊಳಗದ ಸಂಖ್ಯೆ ಅಷ್ಟೇ, ಕೊಳಗ ಮಾತ್ರ ದೊಡ್ಡದು. ಅಳೆಯುವ ಕೈಯಲ್ಲೂ ವ್ಯತ್ಯಾಸ ಇದೆ. ಬಾಯಿ ಮಟ್ಟಕ್ಕೆ ಸವರಿ ಅಳೆದರೆ ಒಂದು, ಮೇಲೆ ಗೋಪುರ ಮಾಡಿ ತುಂಬಿದ್ರೆ ಇನ್ನೊಂದು. ಗೇಣಿ ಗೋಪುರದ ಅಳತೆಯಲ್ಲಿ ಹೋಗಿ ಸಾಲ ಸವರಿದ ಅಳತೆಯಲ್ಲಿ ಬಂದರೆ ಬಾಯಲ್ಲಿ ಹೇಳಿದ ನಾಲ್ಕಕ್ಕೆ ಒಂದು ಬಡ್ಡಿ ನಿಜದಲ್ಲಿ ಎಷ್ಟಾಗ್ತದೆ ಲೆಕ್ಕ ಹಾಕಿ ನೋಡಿ.

ಅಟ್ಟದಲ್ಲಿ ಹಳೇ ಕೊಳಗ ಇದ್ದವರು ಕೆಳಗಿಳಿಸಿ. ಒಣ ಭತ್ತ ತಗೊಂಡು ಒಮ್ಮೆ ಸವರಿ, ಒಮ್ಮೆ ಗೋಪುರ ಮಾಡಿ ತುಂಬಿ, ಎರಡನ್ನೂ ತಕ್ಕಡಿಯಲ್ಲಿ ತೂಗಿ. ಒಡೆಯರ ಮನೆಯ ಹಳೇ ಕೊಳಗ ಎಲ್ಲಾದರೂ ನೋಡೂಕೆ ಸಿಕ್ಕಿದ್ರೆ ಅದನ್ನೂ ತೂಗಿ, ಯಾವ ಊರಿನದ್ದು ಹೇಳಿ ಸೇರಿಸಿ ಬರೆದಿಡಿ. ನಮ್ಮ ಮನೆಯದ್ದು ಹಲಸಿನ ಮರದ್ದು, ಬಾಯಿಗೆ ಹಿತ್ತಾಳೆ ಪಟ್ಟಿ ಇದೆ. ತಳ ಸ್ವಲ್ಪ ಗೆದ್ದಲು ತಿಂದಿದೆ, ಅದಕ್ಕೆ ಸೆಗಣಿ ಮೆತ್ತಿ ಈ ವಾರ ತೂಗ್ತೇನೆ.